ಪದವಿ ಪ್ರಮಾಣಪತ್ರದಲ್ಲಿ ಬಿಟ್ಟುಹೋದ ಒಂದು ಅಕ್ಷರ

ಸವಿತಾ ಎಂಬ ವಿದ್ಯಾರ್ಥಿನಿ ಇದ್ದಾಳೆಂದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಇಂಗ್ಲಿಷ್ ಹೆಸರಿನಲ್ಲಿ ಟಿ ಆದಮೇಲೆ ಎಚ್ ಇದೆ, ಬಿ.ಕಾಂ. ಪದವಿ ಪ್ರಮಾಣಪತ್ರದಲ್ಲಿ ಆ ಎಚ್ ಇಲ್ಲ. ಕನ್ನಡದಲ್ಲಿ ಹೆಸರು ಸರಿಯಾಗಿಯೇ ಅಚ್ಚಾಗಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕೆಲಸಕ್ಕೆ ಸೇರುವಾಗ, ದಾಖಲೆ ಪರಿಶೀಲನೆಯಲ್ಲಿ ತಪ್ಪು ಎದ್ದು ಕಂಡಿತು.

ಇಂಥವರಿಗೆ ಹಲವರು ಕೊಡುವ ಸಲಹೆ: ಅಫಿಡವಿಟ್ ಮಾಡಿಸಿ, ಗೆಜೆಟ್‌ನಲ್ಲಿ ಹಾಕಿಸಿ. ಅದು ಹೆಸರನ್ನೇ ಬದಲಿಸಿಕೊಳ್ಳುವವರ ದಾರಿ. ಸವಿತಾ ಹೆಸರು ಬದಲಿಸುತ್ತಿಲ್ಲ, ಶಾಲಾ ದಾಖಲೆಯಲ್ಲಿರುವಂತೆ ತಿದ್ದಿಕೊಡಿ ಎನ್ನುತ್ತಿದ್ದಾಳೆ. 2021ರಲ್ಲಿ ಸಿಬಿಎಸ್‌ಇ ಪ್ರಮಾಣಪತ್ರಗಳ ಕುರಿತ ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿ ಮತ್ತು ಬದಲಾವಣೆ ಎರಡನ್ನೂ ಬೇರೆಬೇರೆಯಾಗಿಯೇ ನೋಡಿದೆ. ಆದ್ದರಿಂದ ಅರ್ಜಿಯಲ್ಲಿ ‘ಹೆಸರು ಬದಲಾವಣೆ’ ಎಂದು ಅಪ್ಪಿತಪ್ಪಿಯೂ ಬರೆಯಬೇಡಿ. ‘ಕಾಗುಣಿತ ದೋಷದ ತಿದ್ದುಪಡಿ’ ಎನ್ನಿ.

ಬರೆಯುವ ಮುನ್ನ ಆರೂ ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿ. ಅವೆಲ್ಲ ಸರಿಯಿದ್ದು ಪದವಿ ಪತ್ರ ಮಾತ್ರ ತಪ್ಪಾಗಿದ್ದರೆ ದೋಷ ಮುದ್ರಣದ ಹಂತದ್ದು. ಅದನ್ನು ಸ್ಪಷ್ಟವಾಗಿ ಬರೆದು, ಶುಲ್ಕವಿಲ್ಲದೆ ಸರಿಪಡಿಸಲು ಕೇಳಿ. ಮೊದಲ ಸೆಮಿಸ್ಟರ್‌ನಿಂದಲೇ ತಪ್ಪಿದ್ದರೆ ಅದು ಪ್ರವೇಶದ ಅಥವಾ ಪರೀಕ್ಷಾ ಅರ್ಜಿಯಲ್ಲೇ ಹುಟ್ಟಿದ್ದು. ಆಗ ಅಂಕಪಟ್ಟಿಗಳ ತಿದ್ದುಪಡಿಯನ್ನೂ ಜೊತೆಗೇ ಕೇಳಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಮೊದಲು ಪರೀಕ್ಷಾ ಮಂಡಳಿಯಲ್ಲಿ ಸರಿಪಡಿಸಿಕೊಂಡು ಬರಬೇಕು.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಆಡಳಿತಕ್ಕೊಬ್ಬರು, ಮೌಲ್ಯಮಾಪನಕ್ಕೊಬ್ಬರು ಕುಲಸಚಿವರಿರುತ್ತಾರೆ. ಈ ಅರ್ಜಿ ಹೋಗಬೇಕಾದದ್ದು ಕುಲಸಚಿವರು (ಮೌಲ್ಯಮಾಪನ) ಅವರಿಗೆ, ಕಾಲೇಜಿನ ಪ್ರಾಂಶುಪಾಲರ ಮೂಲಕ. ನೋಂದಣಿ ಸಂಖ್ಯೆ, ತೇರ್ಗಡೆಯಾದ ವರ್ಷ, ಪ್ರಮಾಣಪತ್ರದ ಕ್ರಮಸಂಖ್ಯೆ ಬರೆದ ಮೇಲೆ ವಿಷಯ ಹೀಗಿದ್ದರೆ ಸಾಕು:

“ನನ್ನ ಪದವಿ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಹೆಸರಿನ ಟಿ ನಂತರದ ಎಚ್ ಅಕ್ಷರ ಬಿಟ್ಟುಹೋಗಿದೆ. ಲಗತ್ತಿಸಿರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆ ಸರಿಪಡಿಸಿ ಹೊಸ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ.”

ಎರಡೂ ರೂಪಗಳನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದುಬಿಡಿ, ಗುಮಾಸ್ತರಿಗೆ ಗೊಂದಲವಾಗದು. ಮೂಲ ಪ್ರಮಾಣಪತ್ರ ಒಪ್ಪಿಸಲು ಹೇಳಿದರೆ ಎರಡು ಬದಿಯ ಜೆರಾಕ್ಸ್ ಇಟ್ಟುಕೊಂಡು, ಕೊಟ್ಟಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ. ಅರ್ಜಿಯ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಬೀಳಲೇಬೇಕು.

ಆ ಮೊಹರು ಮುಂದೆ ಉಪಯೋಗಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ, ಆ ದಿನಾಂಕದ ಅರ್ಜಿಯ ಮೇಲೆ ಏನು ಕ್ರಮವಾಗಿದೆ, ಕಡತ ಯಾವ ಶಾಖೆಯಲ್ಲಿದೆ ಎಂದು ಕೇಳಬಹುದು. 30 ದಿನದೊಳಗೆ ಉತ್ತರಿಸಬೇಕು. ತಿದ್ದುಪಡಿಯನ್ನೇ ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ; ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕಬೇಕಾಗಿ ಬಂದಾಗ ವಕೀಲರು ಮೊದಲು ಕೇಳುವ ಕಾಗದ ಅದೇ.

ಹೊಸ ಪ್ರಮಾಣಪತ್ರ ಕೈಸೇರಿದಾಗ ಕೌಂಟರ್ ಬಿಡುವ ಮುನ್ನವೇ ಎರಡೂ ಭಾಷೆಗಳ ಹೆಸರನ್ನು ಅಕ್ಷರ ಅಕ್ಷರ ಓದಿ. ಡಿಜಿಲಾಕರ್‌ನಲ್ಲಿ ಹಳೆಯ ತಪ್ಪೇ ಉಳಿದಿದ್ದರೆ ಅದನ್ನೂ ತಿದ್ದಲು ಅಲ್ಲೇ ಬರೆದುಕೊಡಿ.