ಚಿಬ್ಬು: ಚಿಕಿತ್ಸೆಯೂ ಮರುಕಳಿಕೆಯ ತಡೆಯೂ

ಬಯಲುಸೀಮೆಯ ಒಣಹವೆಯಲ್ಲಿ ಬೆಳೆದ ತರುಣನೊಬ್ಬನು ವಿದ್ಯಾಭ್ಯಾಸಕ್ಕಾಗಿ ಮಂಗಳೂರಿನ ವಿದ್ಯಾರ್ಥಿನಿಲಯಕ್ಕೆ ಬಂದು ಸೇರಿದನೆಂದು ಭಾವಿಸೋಣ. ಬೇಸಗೆಯ ಬೆವರಿನ ದಿನಗಳಲ್ಲಿ ಅವನ ಕುತ್ತಿಗೆ, ಎದೆ ಮತ್ತು ಬೆನ್ನಿನ ಮೇಲೆ ಮಾಸಲು ಬಿಳುಪಿನ ಚುಕ್ಕೆಗಳು ಮೂಡಿ, ಕ್ರಮೇಣ ಒಂದರೊಡನೊಂದು ಕೂಡಿಕೊಂಡವು. ರಜೆಗೆ ಬಂದ ಮಗನನ್ನು ಕಂಡ ತಾಯಿ ತೊನ್ನು ಹತ್ತಿತೆಂದು ಹೌಹಾರಿದಳು. ವಾಸ್ತವವಾಗಿ ಅದು ಚಿಬ್ಬು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಪಿಟಿರಿಯಾಸಿಸ್ ವರ್ಸಿಕಲರ್ ಎಂದು ಹೆಸರು.

ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರವು ಇದರ ಕಾರಣ. ಇದು ಹೊರಗಿನಿಂದ ಬಂದ ಶತ್ರುವಲ್ಲ. ಚರ್ಮದ ಜಿಡ್ಡನ್ನುಂಡು ಆರೋಗ್ಯವಂತರೆಲ್ಲರ ಮೈಮೇಲೂ ಇರತಕ್ಕದ್ದು. ಸೆಕೆ, ಬೆವರು, ಜಿಡ್ಡು ಮೂರೂ ಸೇರಿದಾಗ ದುಂಡಗಿನ ಈ ಜೀವಿಯು ಎಳೆಯ ರೂಪ ತಾಳಿ ಚರ್ಮದ ಮೇಲ್ಪದರದಲ್ಲಿ ಹಬ್ಬುತ್ತದೆ. ಆಗ ಅದು ಉತ್ಪಾದಿಸುವ ದ್ರವ್ಯಗಳು ಬಣ್ಣ ತಯಾರಿಸುವ ಜೀವಕೋಶಗಳ ಕೆಲಸಕ್ಕೆ ಅಡ್ಡಿಯಾಗುತ್ತವೆ. ಆದುದರಿಂದ ಚಿಬ್ಬು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ವಿದ್ಯಾರ್ಥಿಯನ್ನು ಬೇರೆ ಕೋಣೆಯಲ್ಲಿಡುವ ಅಗತ್ಯವಿಲ್ಲ.

ಗುರುತಿಸುವ ವಿಧಾನ ಸರಳವಾದುದು. ಚುಕ್ಕೆಯನ್ನು ಉಗುರಿನಿಂದ ಮೆಲ್ಲನೆ ಕೆರೆದರೆ ಸಣ್ಣ ಹೊಟ್ಟಿನಂತಹ ಪುಡಿ ಏಳುತ್ತದೆ. ತೊನ್ನಿನಲ್ಲಿ ಹೊಟ್ಟು ಇರುವುದಿಲ್ಲ, ಬಿಳುಪೂ ಸುಣ್ಣದಂತೆ ಅಚ್ಚವಾಗಿರುತ್ತದೆ. ಚುಕ್ಕೆಯಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಕುಷ್ಠವನ್ನು ಸಂಶಯಿಸಿ ಕೂಡಲೇ ವೈದ್ಯರಿಗೆ ತೋರಿಸಬೇಕು. ನಮ್ಮ ತರುಣನ ಚುಕ್ಕೆಗಳಲ್ಲಿ ಹೊಟ್ಟು ಇದ್ದಿತು, ಸ್ಪರ್ಶವೂ ಸರಿಯಾಗಿದ್ದಿತು. ವೈದ್ಯರು ಆ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಿಡ್ಡ ಎಳೆಗಳೂ ದುಂಡು ಕಣಗಳೂ ಒಟ್ಟಿಗೆ ಕಂಡವು.

ಮೊದಲ ಚಿಕಿತ್ಸೆಯಾಗಿ ಅವರು ಶೇಕಡಾ 2ರ ಕೀಟೋಕೋನಜೋಲ್ ಶಾಂಪೂ ಬರೆದುಕೊಟ್ಟರು. ಇದು ತಲೆಗಷ್ಟೇ ಅಲ್ಲ, ಮೈಗೂ ಹಚ್ಚತಕ್ಕ ಔಷಧ. ಮೈಯನ್ನು ನೀರಿನಿಂದ ತೋಯಿಸಿ, ಕುತ್ತಿಗೆಯಿಂದ ಸೊಂಟದವರೆಗೆ ಮತ್ತು ಮೇಲ್ದೋಳುಗಳಿಗೆ ನೊರೆ ಬರುವಂತೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಬೇಕು. ಹೀಗೆ ದಿನಕ್ಕೊಮ್ಮೆ 5 ದಿನ. ಕಣ್ಣಿಗೆ ಕಾಣುವ ಚುಕ್ಕೆಗಳಿಗೆ ಮಾತ್ರ ಹಚ್ಚುವುದು, ಹಚ್ಚಿದೊಡನೆ ತೊಳೆದುಬಿಡುವುದು, ಕೈಗೆಟುಕದ ಬೆನ್ನಿನ ನಡುವನ್ನು ಬಿಡುವುದು: ಔಷಧ ಸೋಲುವುದು ಸಾಮಾನ್ಯವಾಗಿ ಈ ತಪ್ಪುಗಳಿಂದ. ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಅಂಗಡಿಯಿಂದ ತಾವಾಗಿಯೇ ತಂದು ಹಚ್ಚಬಾರದು.

ತಿಂಗಳಾದ ಮೇಲೂ ತರುಣನ ಚುಕ್ಕೆಗಳು ಹಾಗೆಯೇ ತೋರಿದವು. ಔಷಧ ಫಲಿಸಲಿಲ್ಲವೆಂದು ಅವನು ನೊಂದುಕೊಂಡನು. ವೈದ್ಯರು ಪುನಃ ಕೆರೆದು ನೋಡಿದರು; ಹೊಟ್ಟು ಏಳಲಿಲ್ಲ. ಶಿಲೀಂಧ್ರವು ನಾಶವಾಗಿದ್ದಿತು, ಬಣ್ಣ ಮರಳುವುದು ಮಾತ್ರ ಬಾಕಿ. ಅದಕ್ಕೆ ಹಲವು ತಿಂಗಳುಗಳೇ ಬೇಕಾಗಬಹುದು. ಗುಣದ ಅಳತೆಗೋಲು ಹೊಟ್ಟೇ ಹೊರತು ಬಣ್ಣವಲ್ಲ. ಇದನ್ನರಿಯದೆ ಅನೇಕರು ಔಷಧದ ಮೇಲೆ ಔಷಧ ಬದಲಿಸುತ್ತಾರೆ.

ಹೊಟ್ಟು ಉಳಿದಿದ್ದರೆ ಅಥವಾ ರೋಗವು ಮೈತುಂಬ ಹರಡಿದ್ದರೆ ಇಟ್ರಾಕೋನಜೋಲ್ ನುಂಗುವ ಔಷಧವಾಗಿ ಬರುತ್ತದೆ: ದಿನಕ್ಕೆ 200 ಮಿಲಿಗ್ರಾಂ, 5ರಿಂದ 7 ದಿನ. ಕ್ಯಾಪ್ಸೂಲನ್ನು ಊಟದೊಡನೆಯೇ ನುಂಗಬೇಕು. ಜಠರದ ಆಮ್ಲವಿಲ್ಲದೆ ಅದು ರಕ್ತಕ್ಕೆ ಸೇರದಾದುದರಿಂದ ಆಮ್ಲಶಾಮಕ ಮಾತ್ರೆಗಳು ಅದನ್ನು ನಿಷ್ಫಲಗೊಳಿಸುತ್ತವೆ. ಹೃದಯದ ದೌರ್ಬಲ್ಯವುಳ್ಳವರಿಗೂ ಗರ್ಭಿಣಿಯರಿಗೂ ಇದು ಸಲ್ಲದು. ಯಕೃತ್ತಿನ ತೊಂದರೆಯುಳ್ಳವರು ಮತ್ತು ಕೊಲೆಸ್ಟರಾಲ್ ಮೊದಲಾದವುಗಳಿಗೆ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೀಟೋಕೋನಜೋಲ್ ಮಾತ್ರೆಯನ್ನಂತೂ ಈ ರೋಗಕ್ಕೆ ನುಂಗಬಾರದು. ಯಕೃತ್ತಿಗೆ ಮಾಡುವ ಹಾನಿಯ ಕಾರಣ 2013ರಲ್ಲಿ ಅಮೆರಿಕೆಯ ಔಷಧ ನಿಯಂತ್ರಕರು ಅದರ ಬಳಕೆಯನ್ನು ಕಟ್ಟುನಿಟ್ಟಾಗಿ ಮಿತಗೊಳಿಸಿದರು. ಶಾಂಪೂ ಚರ್ಮದೊಳಕ್ಕೆ ಇಳಿಯುವುದು ಅತ್ಯಲ್ಪವಾದುದರಿಂದ ಅದಕ್ಕೆ ಈ ಭಯವಿಲ್ಲ.

ಶಿಲೀಂಧ್ರವು ಚರ್ಮದ ಖಾಯಂ ನಿವಾಸಿಯಾದುದರಿಂದ ಕರಾವಳಿಯಲ್ಲಿ ರೋಗ ಮರುಕಳಿಸುವುದು ಸಹಜ. ನಮ್ಮ ತರುಣನಿಗೆ ಪ್ರತಿವರ್ಷ ಸೆಕೆ ಏರುವ ಮೊದಲು, ಫೆಬ್ರುವರಿಯ ಕೊನೆಗೆ, 3 ದಿನ ಅದೇ ಕ್ರಮದಲ್ಲಿ ಶಾಂಪೂ ಹಚ್ಚಿಕೊಳ್ಳುವಂತೆ ವೈದ್ಯರು ಹೇಳಿದರು. ಮೈಗೆ ಎಣ್ಣೆ ಹಚ್ಚುವ ರೂಢಿಯನ್ನು ಬಿಡಿಸಿದರು. ಆಟದ ಬಳಿಕ ಒದ್ದೆ ಬನಿಯನ್ ಬದಲಿಸಿ ಮೈಯೊರೆಸಿಕೊಳ್ಳಲು ತಿಳಿಸಿದರು. ಇಷ್ಟಾದರೂ ಪದೇ ಪದೇ ಮರುಕಳಿಸುವವರಿಗೆ ತಿಂಗಳಲ್ಲಿ ಒಂದೇ ದಿನ ಇಟ್ರಾಕೋನಜೋಲ್ 200 ಮಿಲಿಗ್ರಾಂನಂತೆ ಎರಡು ಸಲ, 6 ತಿಂಗಳು ಕೊಡುವ ಕ್ರಮವುಂಟು. ಅದು ವೈದ್ಯರ ನಿಗಾದಲ್ಲಿಯೇ ನಡೆಯಬೇಕು.

ಮುಂದಿನ ದೀಪಾವಳಿಗೆ ಮನೆಗೆ ಹೋದಾಗ ತರುಣನ ಬೆನ್ನು ಹೆಚ್ಚು ಕಡಿಮೆ ಒಂದೇ ಬಣ್ಣಕ್ಕೆ ಬಂದಿದ್ದಿತು. ತಾಯಿ ಉಗುರಿನಿಂದ ಕೆರೆದು ನೋಡಿ, ಪುಡಿ ಏಳದುದನ್ನು ಕಂಡು ಸಮಾಧಾನಪಟ್ಟಳು.