ಕಚ್ಚಿದರೆ ವಿಷವೋ, ತಿಂದರೆ ವಿಷವೋ?

ತಾಂಬರಂ ಕಡೆ ಮಳೆ ಹಿಡಿಯಿತೆಂದರೆ ಖಾಲಿ ಸೈಟುಗಳಲ್ಲಿ ನೀರು ನಿಂತು ಹಾವು, ಕಪ್ಪೆ ಎರಡೂ ಮನೆ ಬಾಗಿಲಿಗೇ ಬರುತ್ತವೆ. ಈ ಸಲದ ಪಾಠವನ್ನು ಮಕ್ಕಳ ಜೊತೆ ಕುಳಿತು ಓದಿ.

ಮಕ್ಕಳ ಇಂಗ್ಲಿಷ್ ಪುಸ್ತಕದಲ್ಲಿ ವೆನಮಸ್, ಪಾಯ್ಸನಸ್ ಎಂಬ ಎರಡು ಪದಗಳಿವೆ. ನಾವು ಎರಡಕ್ಕೂ 'ವಿಷ' ಎಂದುಬಿಡುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ಪ್ರಾಣಿಯೇ ಹಲ್ಲಿನಿಂದಲೋ ಕೊಂಡಿಯಿಂದಲೋ ವಿಷವನ್ನು ನಮ್ಮ ಮೈಯೊಳಗೆ ಚುಚ್ಚಿದರೆ ಅದು ವೆನಮಸ್. ನಾಗರಹಾವು, ಚೇಳು, ಜೇನುನೊಣ ಈ ಗುಂಪಿನವು. ಪ್ರಾಣಿ ಸುಮ್ಮನಿದ್ದು, ಅದನ್ನು ತಿಂದವರಿಗೆ ಅಥವಾ ಬಾಯಿ ಹಾಕಿದವರಿಗೆ ವಿಷವೇರಿದರೆ ಅದು ಪಾಯ್ಸನಸ್. ನೆಲಗಪ್ಪೆ ಮತ್ತು ಚೆಂಡಿನಂತೆ ಉಬ್ಬುವ ಪಫರ್ ಮೀನು ಈ ಗುಂಪಿನವು.

ಹಾವಿಗೆ ಹಲ್ಲು ಏಕೆ ಬೇಕು? ಅದರ ವಿಷದ ಹೆಚ್ಚಿನ ಪಾಲು ಪ್ರೋಟೀನು. ನುಂಗಿದರೆ ನಮ್ಮ ಹೊಟ್ಟೆ ಅದನ್ನು ಬೇಳೆ, ಮೊಟ್ಟೆಯ ಪ್ರೋಟೀನಿನಂತೆಯೇ ಒಡೆದು ಅರಗಿಸಿಬಿಡಬಹುದು. (ಬಾಯಲ್ಲಿ ಸಣ್ಣ ಹುಣ್ಣಿದ್ದರೂ ಅಪಾಯ, ಯಾರೂ ಪರೀಕ್ಷೆ ಮಾಡಬೇಡಿ!) ಹಾಗಾಗಿ ಚರ್ಮ ದಾಟಿಸಿ ಒಳಗೆ ಇಳಿಸಲು ಹಾವಿಗೆ ಸೂಜಿಯಂಥ ಹಲ್ಲು ಬೇಕು. ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಹಾಗಲ್ಲ. ಅದು ಬಹಳ ಸಣ್ಣ ಕಣ. ಹೊಟ್ಟೆ ಅದನ್ನು ಒಡೆಯಲಾರದು, ಸಾರಿನಲ್ಲಿ ಎಷ್ಟು ಕುದಿಸಿದರೂ ಹೋಗದು. ತಿಂದವರಿಗೆ ಮೊದಲು ತುಟಿ, ನಾಲಿಗೆ ಜುಮುಜುಮು ಎನ್ನುತ್ತವೆ, ಆಮೇಲೆ ಸ್ನಾಯುಗಳು ಸೋತು ಉಸಿರು ನಿಲ್ಲಬಹುದು. ನೆಲಗಪ್ಪೆಯ ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಗಳಿವೆ, ಅವುಗಳ ಹಾಲಿನಂಥ ರಸ ಹೃದಯದ ಬಡಿತವನ್ನೇ ಕೆಡಿಸುತ್ತದೆ. ನಾಯಿ ಕಪ್ಪೆಗೆ ಬಾಯಿ ಹಾಕಿ ನೊರೆ ಸುರಿಸುವುದು ಇದರಿಂದಲೇ. ಮಕ್ಕಳು ಕಪ್ಪೆ ಮುಟ್ಟಿದರೆ ಗಾಬರಿ ಬೇಡ, ಕಣ್ಣು ಉಜ್ಜದೆ ಸೋಪಿನಿಂದ ಕೈ ತೊಳೆದರೆ ಸಾಕು.

ಒಂದು ತಮಾಷೆ ನೋಡಿ: ಅದೇ ಟೆಟ್ರೊಡೊಟಾಕ್ಸಿನನ್ನು ನೀಲಿ ಉಂಗುರದ ಆಕ್ಟೋಪಸ್ ಕಚ್ಚಿ ಒಳಗೆ ಬಿಡುತ್ತದೆ. ಆದ್ದರಿಂದ ಅದು ವೆನಮಸ್. ವಿಷ ಒಂದೇ, ಒಳಬರುವ ದಾರಿ ಬೇರೆ.

ಈ ವ್ಯತ್ಯಾಸ ಆಸ್ಪತ್ರೆಯಲ್ಲೂ ಲೆಕ್ಕಕ್ಕೆ ಬರುತ್ತದೆ. ಮಾಮಲ್ಲಪುರದ ದಾರಿಯಲ್ಲಿ ವಡನೆಮ್ಮೇಲಿ ಎಂಬ ಊರಿದೆ. ಅಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹಾವುಗಳಿಂದ ವಿಷ ತೆಗೆದು, ಕೆಲವು ವಾರದ ಮೇಲೆ ಅವನ್ನು ಕಾಡಿಗೆ ಬಿಡುತ್ತದೆ. ಔಷಧ ಕಂಪನಿಗಳು ಆ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚುತ್ತವೆ. ದೊಡ್ಡ ಪ್ರೋಟೀನಾದ್ದರಿಂದ ಕುದುರೆಯ ಮೈ ಅದನ್ನು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಅದನ್ನು ಶುದ್ಧಮಾಡಿದ್ದೇ ಆಂಟಿವೆನಮ್. ಪಫರ್ ಮೀನಿನ ವಿಷಕ್ಕೆ ಇಂಥ ಪ್ರತ್ಯೌಷಧ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ವಿಷ ಇಳಿಯುವವರೆಗೆ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ.

ಈಗ ಒಬ್ಬ ಹುಡುಗನಿಗೆ ಸಂಜೆ ಮೆಟ್ಟಿಲ ಬಳಿ ಹಾವು ಕಚ್ಚಿತು ಎಂದುಕೊಳ್ಳಿ. ಅವನನ್ನು ಓಡಾಡಿಸಬೇಡಿ, ಕಾಲು ಅಲುಗಾಡದಂತೆ ಕೋಲು ಕಟ್ಟಿ ಮಲಗಿಸಿ, ಗೆಜ್ಜೆ, ಉಂಗುರ ತೆಗೆದು 108ಕ್ಕೆ ಕರೆ ಮಾಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ಬೇಡ. ಆಸ್ಪತ್ರೆಯಲ್ಲಿ 2 ಮಿಲಿ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ ಅಲುಗಿಸದೆ 20 ನಿಮಿಷ ಇಡುತ್ತಾರೆ. ಆಮೇಲೂ ಹೆಪ್ಪುಗಟ್ಟದೆ ನೀರಾಗಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ. ರೆಪ್ಪೆ ಜೋತುಬಿದ್ದರೆ ನಾಗರ ಅಥವಾ ಕಟ್ಟುಹಾವಿನ ಅನುಮಾನ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿ ಕಚ್ಚಿದರೆ ನೋವೂ ಇರದು, ಗುರುತೂ ಕಾಣದು. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಭಾರ ಎಂದು ಮಗು ಹೇಳಿದರೆ ಅಲಕ್ಷಿಸಬೇಡಿ. ನಮ್ಮ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ, ಹಾಗಾಗಿ ಹಾವನ್ನು ಹುಡುಕಿ ಕೊಂದು ತರಬೇಕಾಗಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ನಾವು ಕನ್ನಡದವರು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮೂರಲ್ಲಿ 'ಒಳ್ಳೆ ಹಾವು' ಎಂದರೆ ವಿಷವಿಲ್ಲದ ನೀರು ಹಾವು. ಇಲ್ಲಿ ಅಕ್ಕಪಕ್ಕದವರು 'ನಲ್ಲ ಪಾಂಬು' ಎಂದರೆ ಅದು ನಾಗರಹಾವು! ಕಣ್ಣಾಡಿ ವಿರಿಯನ್ ಎಂದರೆ ಕೊಳಕುಮಂಡಲ, ಸುರುಟ್ಟೈ ವಿರಿಯನ್ ಎಂದರೆ ಗರಗಸಮಂಡಲ, ಕಟ್ಟುವಿರಿಯನ್ ಎಂದರೆ ಕಟ್ಟುಹಾವು. ನೀರು ಹಾವಿಗೆ ಇಲ್ಲಿ ತಣ್ಣೀರ್ ಪಾಂಬು ಎನ್ನುತ್ತಾರೆ.