ಒಂದು ಲಕ್ಷ ತೊಂಬತ್ತು ಸಾವಿರದ ಲೆಕ್ಕ

‘ಹಳ್ಳಿಯ ಮಕ್ಕಳ ಭವಿಷ್ಯಕ್ಕೆ ಬೆಳಕಾಗಿ. ನಮ್ಮ ಗುರಿ 5 ಲಕ್ಷ ರೂಪಾಯಿ.’ ಮಲೆನಾಡಿನ ನಮ್ಮೂರಿನ ಯುವಕ ಸಂಘದವರು ವಾಚನಾಲಯಕ್ಕೆ ಹಣ ಎತ್ತಲು ಬರೆದುಕೊಂಡಿದ್ದ ಮನವಿ ಹೀಗೆ ಶುರುವಾಗುತ್ತಿತ್ತು. ಬೆಂಗಳೂರಿನಲ್ಲಿ ಬರೆಯುವ ಕೆಲಸ ಮಾಡಿಕೊಂಡಿರುವವನು ಎಂಬ ಕಾರಣಕ್ಕೆ ಅದನ್ನು ತಿದ್ದಲು ನನಗೆ ಕಳಿಸಿದ್ದರು. ಅವರಿಗೆ ಬೇಕಾಗಿದ್ದದ್ದು ಇನ್ನಷ್ಟು ಮನಮುಟ್ಟುವ ಭಾಷೆ. ನನಗೆ ಕಂಡ ತೊಂದರೆ ಭಾಷೆಯದಲ್ಲ, ಆ ಐದು ಲಕ್ಷದ್ದು. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಖಜಾಂಚಿ ಹುಡುಗ ನಕ್ಕ: “ಕಮ್ಮಿ ಕೇಳಿದ್ರೆ ಕಮ್ಮಿ ಬರ್ತದಲ್ಲ ಅಣ್ಣ.”

ದುಡ್ಡು ಕೊಡುವವನು ಮೊದಲು ಮಾಡುವುದು ಭಾಗಾಕಾರ. ಐದು ಲಕ್ಷಕ್ಕೆ ಎಷ್ಟು ಪುಸ್ತಕ, ಎಷ್ಟು ಕಪಾಟು ಎಂದು ಮನಸ್ಸಿನಲ್ಲೇ ಹಾಕಿ ನೋಡುತ್ತಾನೆ. ಹಾಕಲು ಏನೂ ಸಿಗದಿದ್ದರೆ ಮುಂದಿನದನ್ನು ಓದುವುದಿಲ್ಲ. ಹಾಗಾಗಿ ಮನವಿಯನ್ನು ಪಕ್ಕಕ್ಕಿಟ್ಟು ಮೊದಲು ದರಪಟ್ಟಿಗಳನ್ನು ತರಿಸಿದೆವು. ಕಟ್ಟಡ ಹಾಲಿನ ಸೊಸೈಟಿಯವರು ಬಿಟ್ಟುಹೋದ ಹಳೆಯ ಹೆಂಚಿನ ಮನೆ. ಒಡೆದ ಹೆಂಚು, ಗೆದ್ದಲು ಹಿಡಿದ ರೀಪು ಬದಲಿಸಲು ಬಡಗಿ ಕೂಲಿ ಸೇರಿಸಿ 38,000 ಹೇಳಿದ. ವೈರಿಂಗ್, ದೀಪ, ಫ್ಯಾನಿಗೆ 9,500. ಕಬ್ಬಿಣದ ಕಪಾಟು ಒಂದಕ್ಕೆ 6,500ರಂತೆ ನಾಲ್ಕು, ಅಂದರೆ 26,000. ಅಂಗಡಿಯವರ ಚೀಟಿಯ ಕೆಳಗೆ ಸಣ್ಣದಾಗಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿತ್ತು. ಶೇಕಡಾ 18 ಸೇರಿದರೆ ಅದು 30,680. ಇಂಥ ಸಾಲನ್ನು ನೋಡದೆ ಬಿಟ್ಟರೆ ಕೊನೆಗೆ ಕೊರತೆ ಬೀಳುವುದು ಅಲ್ಲೇ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸರಾಸರಿ 110 ರೂಪಾಯಿಯಂತೆ 600 ಪುಸ್ತಕಕ್ಕೆ 66,000 ಹಿಡಿದೆವು. ಸಂಜೆ ಎರಡು ಗಂಟೆ ಬಾಗಿಲು ತೆರೆದು ಕೂರುವವರಿಗೆ ತಿಂಗಳಿಗೆ 3,000ದಂತೆ ವರ್ಷಕ್ಕೆ 36,000.

ಈ ಕೊನೆಯ ಬಾಬ್ತು ಬೇಡ ಎಂದು ಸಂಘದಲ್ಲಿ ದೊಡ್ಡ ಚರ್ಚೆಯಾಯಿತು. ಸಂಬಳಕ್ಕೆ ದುಡ್ಡು ಕೇಳಿದರೆ ಜನ ಏನಂದುಕೊಳ್ಳುತ್ತಾರೆ ಎಂಬ ಅಳುಕು. ನನಗನಿಸಿದ್ದು ಇದಕ್ಕೆ ತದ್ವಿರುದ್ಧ. ಬೀಗ ಹಾಕಿಕೊಂಡ ಊರಿನ ವಾಚನಾಲಯವನ್ನು ನೋಡದವರು ಯಾರಿದ್ದಾರೆ? ಕಪಾಟು, ಪುಸ್ತಕ ಎಲ್ಲ ಬರೆದು ಬಾಗಿಲು ತೆಗೆಯುವವರ ಹೆಸರೇ ಇಲ್ಲದ ಮನವಿ ಅವರಿಗೆ ಆ ಬೀಗವನ್ನೇ ನೆನಪಿಸುತ್ತದೆ. ಸಾಲು ಉಳಿಯಿತು. ಒಂದು ವರ್ಷ ಮಾತ್ರ ದಾನದ ಹಣದಿಂದ, ಆಮೇಲೆ ಸಂಘದ ಚಂದಾದಿಂದ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದೆವು.

ಎಲ್ಲ ಕೂಡಿದರೆ 1,80,180. ದಾನಿಗಳಿಗೆ ಕೊಡುವ ಉಡುಗೊರೆಯ ಖರ್ಚು 5,000. ಇನ್ನು ಹಣ ಆನ್‌ಲೈನಿನಲ್ಲಿ ಬರುವಾಗ ಪೇಮೆಂಟ್ ಗೇಟ್‌ವೇ ಶೇಕಡಾ 2, ಅದರ ಮೇಲೆ ಜಿಎಸ್‌ಟಿ, ಒಟ್ಟು ಶೇಕಡಾ 2.36 ಮುರಿದುಕೊಳ್ಳುತ್ತದೆ. ಮುರಿಯುವುದು ಬಂದ ಒಟ್ಟು ಹಣದಿಂದ. ಆದ್ದರಿಂದ ಬೇಕಾದ ಮೊತ್ತಕ್ಕೆ ಶೇಕಡಾ 2.36 ಕೂಡಿಸಬಾರದು, ಬೇಕಾದ ಮೊತ್ತವನ್ನು 0.9764ರಿಂದ ಭಾಗಿಸಬೇಕು. ಬಂದದ್ದು 1,89,656. ಗುರಿ 1,90,000 ಎಂದು ಬರೆದು, ಮುನ್ನೂರು ಚಿಲ್ಲರೆ ಉಳಿಯುತ್ತದೆ, ಅದು ಪುಸ್ತಕಕ್ಕೆ ಎಂದೆವು. ಐದು ಲಕ್ಷ ಎರಡು ಲಕ್ಷಕ್ಕಿಂತ ಕೆಳಗಿಳಿದದ್ದು ಖಜಾಂಚಿಗೆ ನುಂಗಲಾರದ ತುತ್ತಾಗಿತ್ತು.

ಹಣ ಎತ್ತಲು ನಾವು ಆರಿಸಿಕೊಂಡ ಜಾಲತಾಣ ಸಂಘದಿಂದ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಹಣ ಕಟ್ಟುವ ಹೊತ್ತಿಗೆ ದಾನಿಯ ಲೆಕ್ಕಕ್ಕೆ ತಾನೇ ಒಂದು ‘ಟಿಪ್’ ಸೇರಿಸಿ ತೋರಿಸುತ್ತಿತ್ತು. ಐನೂರು ಕೊಡಲು ಹೋದವನಿಗೆ ಐನೂರೈವತ್ತು ಚಿಲ್ಲರೆ ಕಂಡರೆ ಕಣ್ಣು ಕೆಂಪಾಗುವುದು ನಮ್ಮ ಮೇಲೆ. ‘ಟಿಪ್ ತಾಣಕ್ಕೆ ಹೋಗುತ್ತದೆ, ನಮಗಲ್ಲ. ಸೊನ್ನೆಗೆ ಇಳಿಸಬಹುದು’ ಎಂದು ಮೊದಲೇ ಹಾಕಿದೆವು.

ತೆಗೆದುಹಾಕಿದ ಮಾತುಗಳೂ ಇವೆ. ‘ತೆರಿಗೆ ವಿನಾಯಿತಿ ಸಿಗುತ್ತದೆ’ ಎಂದಿತ್ತು. ಸಂಘಕ್ಕೆ 80ಜಿ ನೋಂದಣಿಯೇ ಇರಲಿಲ್ಲ. ‘ಅಮೆರಿಕದ ಕನ್ನಡಿಗರೂ ಕೈಜೋಡಿಸಿ’ ಎಂದಿತ್ತು. ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಘ ವಿದೇಶಿ ಪೌರರಿಂದ ಹಣ ಪಡೆಯುವಂತಿಲ್ಲ, ಅವರು ಒಸಿಐ ಕಾರ್ಡಿನ ನಮ್ಮೂರಿನವರೇ ಆಗಿದ್ದರೂ ಸರಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಇದನ್ನು ಎರಡೇ ವಾಕ್ಯದಲ್ಲಿ ಬರೆದೆ. ಖಜಾಂಚಿಗೆ ಬೇಸರ: “ಇದೆಲ್ಲ ಬರೆದ್ರೆ ಯಾರು ಕೊಡ್ತಾರೆ ಮಾರಾಯ್ರೆ?”

ಉಡುಗೊರೆಗಳ ಪಟ್ಟಿಯಲ್ಲಿ ಟೀ ಶರ್ಟು, ಗೋಡೆಯ ಮೇಲೆ ಅಮೃತಶಿಲೆಯ ಫಲಕ, ‘ಮಲೆನಾಡ ಮನೆಯಲ್ಲಿ ಎರಡು ದಿನದ ಆತಿಥ್ಯ’ ಇದ್ದವು. ಆತಿಥ್ಯ ಯಾರ ಮನೆಯಲ್ಲಿ ಎಂದು ಕೇಳಿದಾಗ ಎಲ್ಲರೂ ಮತ್ತೊಬ್ಬರ ಮುಖ ನೋಡಿದರು. ಆ ಮೂರೂ ಹೋದವು. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಹೆಂಗಸರು ಪಟ್ಟು ಹಿಡಿದದ್ದರಿಂದ ಉಳಿಯಿತು. ಸಾವಿರ ರೂಪಾಯಿ ಕೊಟ್ಟವರಿಗೆಲ್ಲ ಒಂದು ಬಾಟಲಿ ಎಂಬುದು ಮೊದಲ ಲೆಕ್ಕ. ಬಾಟಲಿ, ಎಣ್ಣೆ ಸೋರದಂಥ ಕಟ್ಟು, ಕೊರಿಯರ್ ಸೇರಿ 160 ರೂಪಾಯಿ ಬೀಳುತ್ತಿತ್ತು. ನೂರು ಜನ ಬಂದರೆ 16,000, ಎರಡು ಕಪಾಟಿಗಿಂತ ಹೆಚ್ಚು. ಮಿಡಿ ಉಪ್ಪಿನಲ್ಲಿ ಕೂತು ಚಿರುಟಬೇಕು, ಆಮೇಲೆ ಖಾರ. ಅಷ್ಟು ಬಾಟಲಿಯ ಮಿಡಿ ಆ ವರ್ಷ ಸಿಗುತ್ತದೆಂಬ ಖಾತ್ರಿಯೂ ಇರಲಿಲ್ಲ. ಕೊನೆಗೆ 2,500 ಕೊಟ್ಟ ಮೊದಲ ಇಪ್ಪತ್ತೈದು ಜನಕ್ಕೆ ಎಂದು ಮಿತಿ ಹಾಕಿ, ‘ಜೂನ್ ಕೊನೆಗೆ ಕಳಿಸುತ್ತೇವೆ, ಮಿಡಿ ಹೆಂಗಸರ ಕೊಡುಗೆ, ಬಾಟಲಿ, ಸಾಗಣೆಯ ಖರ್ಚು ಮಾತ್ರ ದಾನದ ಹಣದಿಂದ’ ಎಂದು ಬರೆದೆವು. ಅದಕ್ಕೇ 4,000.

ಉಳಿದ ಸಾವಿರದಲ್ಲಿ ಎರಡು. 500 ಕೊಟ್ಟವರ ಹೆಸರಿನ ಚೀಟಿ ಒಂದು ಪುಸ್ತಕದ ಒಳಪುಟಕ್ಕೆ ಅಂಟಿಸಿ, ಫೋಟೋ ವಾಟ್ಸಾಪಿಗೆ. 1,500 ಕೊಟ್ಟವರಿಗೆ ಒಂದು ಮಗು ತಾನು ಓದಿದ ಪುಸ್ತಕದ ಬಗ್ಗೆ ಬರೆದ ಅಂಚೆ ಕಾರ್ಡು. ಕಾರ್ಡಿಗೆ ಐವತ್ತು ಪೈಸೆ. ದುಬಾರಿಯಾಗುವುದು ಮಕ್ಕಳ ಸಮಯ. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ರಜೆ. ಆದ್ದರಿಂದ ಶಾಲೆ ತೆರೆದ ಮೇಲೆ, ನಲವತ್ತು ಕಾರ್ಡು ಮಾತ್ರ. ಕಾರ್ಡಿನಲ್ಲಿ ಮಗುವಿನ ಹೆಸರಷ್ಟೇ, ವಿಳಾಸ ಬರೆಯುವುದು ದೊಡ್ಡವರು, ಉತ್ತರ ಬಂದರೆ ಸಂಘಕ್ಕೆ.

ಹಣ ಅರ್ಧಕ್ಕೆ ನಿಂತರೆ ಏನು ಎಂಬ ಪ್ಯಾರಾ ಬರೆಯಲು ಯಾರಿಗೂ ಇಷ್ಟವಿರಲಿಲ್ಲ, ಅಪಶಕುನ ಎಂಬಂತೆ. ಆದರೆ ಇಂಥ ತಾಣಗಳಲ್ಲಿ ಗುರಿ ಮುಟ್ಟದಿದ್ದರೂ ಬಂದ ಹಣ ಸಂಘಕ್ಕೇ ಸೇರುತ್ತದೆ, ದಾನಿಗೆ ಅದು ಗೊತ್ತು. ಅರ್ಧ ಬಂದರೆ ಮಾಡು, ವಿದ್ಯುತ್, ಎರಡು ಕಪಾಟು, ಇನ್ನೂರು ಪುಸ್ತಕ. ಬಾಗಿಲು ತೆಗೆಯುವುದು ಸಂಘದವರ ಸರದಿ. ಕೊನೆಯ ದಿನಾಂಕ ಏಪ್ರಿಲ್ ಮೊದಲ ವಾರ ಏಕೆಂದರೆ ಮಳೆ ಹಿಡಿದ ಮೇಲೆ ಹೆಂಚು ಎತ್ತಲಾಗುವುದಿಲ್ಲ. ಬಡಗಿಯ ಗೆರೆಹಾಳೆಯ ಚೀಟಿಯನ್ನು, ಫೋನ್ ನಂಬರು ಮುಚ್ಚಿ, ಹಾಗೇ ಫೋಟೋ ತೆಗೆದು ಹಾಕಿದೆವು. ಪಂಚಾಯಿತಿಯ ಅರಿವು ಕೇಂದ್ರ ಇರುವಾಗ ಇದೇಕೆ ಎಂದು ಕೇಳುವವರಿಗೆ, ಅದು ಐದು ಕಿಲೋಮೀಟರ್ ಆಚೆ, ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮುಚ್ಚಿರುತ್ತದೆ ಎಂಬ ಉತ್ತರ.

ಮನವಿ ಹೊರಬಂದ ಮೇಲೆ ಶಿವಮೊಗ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಲೆಕ್ಕವೆಲ್ಲ ಸರಿ, ಮಾಡು ರಿಪೇರಿಯಾದ ಮೇಲೆ ಸೊಸೈಟಿಯವರು ಕಟ್ಟಡ ವಾಪಸು ಕೇಳಿದರೆ? ನಾವು ಹೋಗಿ ಕೇಳಿದ ಮೇಲೆ ಸೊಸೈಟಿಯವರು ಸಭೆ ಸೇರಿ, ಐದು ವರ್ಷ ಬಾಡಿಗೆಯಿಲ್ಲದೆ ಕೊಡುತ್ತೇವೆ, ಕರೆಂಟ್ ಬಿಲ್ ಮಾತ್ರ ಸಂಘದ್ದು ಎಂದು ನಿರ್ಣಯ ಮಾಡಿಕೊಟ್ಟರು. ಅದರ ಪ್ರತಿಯನ್ನು ಸೇರಿಸಿದೆವು. ಬಿಲ್ ಗುರಿಯ ಲೆಕ್ಕದಲ್ಲಿ ಇರಲಿಲ್ಲ. ಅದನ್ನು ಚಂದಾದಿಂದ ಕಟ್ಟುತ್ತೇವೆ ಎಂಬ ಸಾಲನ್ನು ಈ ಸಲ ಖಜಾಂಚಿಯೇ ಬರೆದು ಕಳಿಸಿದ.